ಎಟಿಎಂ ಕಾರ್ಡಿನಷ್ಟು ದಪ್ಪದ ಧೂಳು: ಹಿಟ್ಟಿನ ಮಿಲ್ಲು, ಸೈಲೋಗಳಲ್ಲಿ ಸ್ಫೋಟ ತಡೆಯುವ ಗುಡಿಸುವಿಕೆ

ಒಂದು ಬಟ್ಟಲು ಮೈದಾಕ್ಕೆ ಬೆಂಕಿಕಡ್ಡಿ ಗೀರಿ ಇಟ್ಟರೆ ಮೇಲ್ಪದರ ಕಪ್ಪಾಗಿ ಸುಟ್ಟ ವಾಸನೆ ಬರುತ್ತದೆ, ಹೆಚ್ಚೇನೂ ಆಗುವುದಿಲ್ಲ. ಮಿಲ್ಲಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರಿಗೂ ಹಿಟ್ಟಿನ ಬಗ್ಗೆ ಭಯ ಇಲ್ಲದಿರುವುದು ಇದೇ ಕಾರಣಕ್ಕೆ. ಅದೇ ಹಿಟ್ಟು ಗಾಳಿಯಲ್ಲಿ ಹರಡಿ ನಿಂತಾಗ ಪ್ರತಿ ಕಣಕ್ಕೂ ಸುತ್ತಲೂ ಆಮ್ಲಜನಕ ಸಿಗುತ್ತದೆ. ಒಂದು ಕಣ ಹೊತ್ತಿದರೆ ಪಕ್ಕದ್ದೂ ಹೊತ್ತಿ, ಇಡೀ ಮೋಡ ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ಉರಿದುಹೋಗುತ್ತದೆ. ಮುಚ್ಚಿದ ಜಾಗದಲ್ಲಿ ಹಾಗೆ ಉರಿದರೆ ಬಿಸಿಗಾಳಿಗೆ ಹಿಗ್ಗಲು ಜಾಗ ಸಿಗದೆ ಗೋಡೆ, ಮಾಡು ಹಾರಿಹೋಗುತ್ತವೆ.

ಹಾಗಾಗಿ ಐದು ಸಂಗತಿಗಳು ಒಟ್ಟಿಗೆ ಸೇರಬೇಕು: ಉರಿಯುವ ಧೂಳು, ಗಾಳಿ, ಆ ಧೂಳು ಗಾಳಿಯಲ್ಲಿ ಎದ್ದು ನಿಲ್ಲುವುದು, ಮುಚ್ಚಿದ ಜಾಗ, ಮತ್ತು ಒಂದು ಕಿಡಿ ಅಥವಾ ಬಿಸಿ. ಗಾಳಿಯನ್ನು ತೆಗೆಯಲಾಗದು, ಕಟ್ಟಡವನ್ನೂ ತೆಗೆಯಲಾಗದು. ಕಿಡಿಯನ್ನು ಎಷ್ಟು ಕಾದರೂ ಒಂದು ದಿನ ತಪ್ಪೀತು. ಕೂತಿರುವ ಧೂಳು ಒಂದೇ ಪೂರ್ತಿ ನಮ್ಮ ಕೈಯಲ್ಲಿರುವುದು. ಬೈಕಂಪಾಡಿಯ ರೋಲರ್ ಫ್ಲೋರ್ ಮಿಲ್ಲಿನಂಥ ಕಡೆಗೂ, ಗೋಧಿ ತುಂಬಿಡುವ ಸೈಲೋಗೂ, ಕಾರ್ಕಳ–ಉಡುಪಿ ಕಡೆಯ ಕುಚಲಕ್ಕಿ ಮಿಲ್ಲಿನ ತೌಡು–ಉಮಿ ವಿಭಾಗಕ್ಕೂ ಈ ಮಾತು ಒಂದೇ.

ಎರಡನೆಯ ಸ್ಫೋಟವೇ ಕಟ್ಟಡ ಕೆಡವುವುದು

ಗೋಧಿ ಹಿಟ್ಟಿನ ಮೋಡ ಹೊತ್ತಬೇಕಾದರೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 60 ಗ್ರಾಂ ಹಿಟ್ಟಾದರೂ ಇರಬೇಕು. ಕಣದ ಸಣ್ಣತನ, ತೇವಾಂಶ ನೋಡಿ ಈ ಅಂಕಿ ಹೆಚ್ಚುಕಮ್ಮಿ ಆಗುತ್ತದೆ. 60 ಗ್ರಾಂ ಎಂದರೆ ಎಷ್ಟು ದಟ್ಟ? ಎರಡು ಮೀಟರ್ ದೂರದಲ್ಲಿ ಉರಿಯುವ 25 ವಾಟಿನ ಬಲ್ಬು ಕಾಣದಷ್ಟು. ಅಂಥ ಕೋಣೆಯಲ್ಲಿ ಯಾರೂ ನಿಂತು ಉಸಿರಾಡಲಾರರು. ಅಂದರೆ ಮಿಲ್ಲಿನಲ್ಲಿ ದಿನವೂ ಕಾಣುವ ತೆಳು ಮಬ್ಬು ತಾನಾಗಿ ಸ್ಫೋಟಿಸುವುದಿಲ್ಲ. ಹೊತ್ತುವಷ್ಟು ದಟ್ಟ ಮೋಡ ದಿನಾ ಇರುವುದು ಯಂತ್ರಗಳ ಹೊಟ್ಟೆಯೊಳಗೆ: ಬೆಲ್ಟಿಗೆ ಕಟ್ಟಿದ ಬಟ್ಟಲುಗಳಲ್ಲಿ ಕಾಳನ್ನು ಮೇಲಕ್ಕೆತ್ತುವ ಬಕೆಟ್ ಎಲಿವೇಟರಿನ ಒಳಗೆ, ಗಾಳಿಯನ್ನು ಸುತ್ತಿಸಿ ಧೂಳು ಬೇರ್ಪಡಿಸುವ ಸೈಕ್ಲೋನಿನಲ್ಲಿ, ಬಟ್ಟೆಯ ಚೀಲಗಳಲ್ಲಿ ಧೂಳು ಸೋಸುವ ಬ್ಯಾಗ್ ಫಿಲ್ಟರಿನಲ್ಲಿ, ಕಾಳು ಸುರಿಯುತ್ತಿರುವ ಸೈಲೋದ ಮೇಲ್ಭಾಗದಲ್ಲಿ.

ಮೊದಲ ಸ್ಫೋಟ ಹೆಚ್ಚಾಗಿ ಅಲ್ಲೇ ಆಗುತ್ತದೆ, ಮತ್ತು ಅದು ಸಣ್ಣದು. ಎಲಿವೇಟರಿನ ತಗಡು ಹರಿದು ಬೆಂಕಿ ಹೊರಗೆ ಚಿಮ್ಮುತ್ತದೆ. ಆದರೆ ಬೆಂಕಿಗಿಂತ ಮೊದಲು ಒತ್ತಡದ ಅಲೆ ಓಡುತ್ತದೆ. ಅದು ತೊಲೆಗಳ ಮೇಲೆ, ಗಾಳಿ ಸಾಗಿಸುವ ಡಕ್ಟಿನ ಬೆನ್ನಿನ ಮೇಲೆ, ಕೇಬಲ್ ಟ್ರೇಯಲ್ಲಿ ತಿಂಗಳುಗಟ್ಟಲೆ ಕೂತಿದ್ದ ಧೂಳನ್ನು ಒಮ್ಮೆಗೇ ಕೊಡವಿ ಎಬ್ಬಿಸುತ್ತದೆ. ಹಿಂದಿನಿಂದ ಬಂದ ಬೆಂಕಿಗೆ ಕೋಣೆ ತುಂಬ ಮೋಡ ಸಿದ್ಧವಾಗಿರುತ್ತದೆ. ಈ ಎರಡನೆಯದು ಮಹಡಿಯಿಂದ ಮಹಡಿಗೆ, ಕಟ್ಟಡದಿಂದ ಕಟ್ಟಡಕ್ಕೆ ದಾಟುತ್ತದೆ. 1878ರ ಮೇ 2ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ವಾಶ್‌ಬರ್ನ್ ಮಿಲ್ಲು ಸ್ಫೋಟಿಸಿದಾಗ ಪಕ್ಕದ ಮಿಲ್ಲುಗಳೂ ನಾಶವಾಗಿ ಒಟ್ಟು 18 ಜನ ಸತ್ತರು.

ಕೋಣೆಯಲ್ಲಿ ಕೂತ ಧೂಳನ್ನು ತೆಗೆದುಬಿಟ್ಟರೆ ಎಲಿವೇಟರ್ ಒಡೆದರೂ ದುರಸ್ತಿಯ ಖರ್ಚು ಎಲಿವೇಟರಿನದ್ದೇ ಆಗುತ್ತದೆ.

ಒಂದು ಮಿಲಿಮೀಟರ್ ಎಷ್ಟು? ಲೆಕ್ಕ ಹಾಕಿ ನೋಡಿ

ಎಲಿವೇಟರಿನ ಬುಡ ಇರುವ ಒಂದು ಕೋಣೆ ತೆಗೆದುಕೊಳ್ಳೋಣ: ಉದ್ದ 8 ಮೀಟರ್, ಅಗಲ 5, ಎತ್ತರ 4. ನೆಲ 40 ಚದರ ಮೀಟರ್, ಒಳಗಿನ ಗಾಳಿ 160 ಘನ ಮೀಟರ್. ನೆಲದ ತುಂಬ 1 ಮಿ.ಮೀ. ಹಿಟ್ಟು ಕೂತಿದೆ ಎನ್ನಿ. ಕೂತ ಹಿಟ್ಟಿನ ಒಂದು ಘನ ಮೀಟರ್ ಸುಮಾರು 500 ಕಿಲೋ ತೂಗುತ್ತದೆ. ಹಾಗಾದರೆ ನೆಲದ ಮೇಲೆ ಇರುವುದು 20 ಕಿಲೋ. ಅದು ಎದ್ದು ಕೋಣೆ ತುಂಬ ಸಮನಾಗಿ ಹರಡಿದರೆ ಘನ ಮೀಟರಿಗೆ 125 ಗ್ರಾಂ, ಅಂದರೆ ಹೊತ್ತಲು ಬೇಕಾದುದರ ಎರಡು ಪಟ್ಟು. ಎಲ್ಲಾ ಕೋಣೆಗೂ ಹೊಂದುವ ಸೂತ್ರ ಇದು:

```
C = ρ × h / H
C = 500 kg/m³ × 0.001 m / 4 m = 0.125 kg/m³ = 125 g/m³
```

ಇಲ್ಲಿ ρ ಕೂತ ಧೂಳಿನ ಸಾಂದ್ರತೆ, h ಪದರದ ದಪ್ಪ, H ಮಾಡಿನ ಎತ್ತರ. ಕೋಣೆಯ ಉದ್ದ ಅಗಲ ಲೆಕ್ಕದಿಂದಲೇ ಬಿದ್ದುಹೋಗುತ್ತವೆ. ದೊಡ್ಡ ಹಾಲ್ ಆದ ಮಾತ್ರಕ್ಕೆ ಸುರಕ್ಷಿತ ಎಂದುಕೊಳ್ಳುವವರು ಇದನ್ನು ಗಮನಿಸಬೇಕು.

ನೆಲಕ್ಕಿಂತ ಮೇಲಿನದ್ದು ಇನ್ನೂ ಕೆಟ್ಟದ್ದು. ಅದೇ ಕೋಣೆಯ ತೊಲೆ, ಡಕ್ಟು, ಕೇಬಲ್ ಟ್ರೇಗಳ ಮೇಲ್ಮೈ ಎಲ್ಲ ಸೇರಿ ಬರೀ 10 ಚದರ ಮೀಟರ್ ಇದೆ, ಅದರ ಮೇಲೆ 2 ಮಿ.ಮೀ. ಹಗುರ ಧೂಳು ಕೂತಿದೆ ಎನ್ನಿ. ಎತ್ತರಕ್ಕೆ ಹಾರಿ ಕೂರುವುದು ಅತಿ ನಯವಾದ ಕಣ, ಆದ್ದರಿಂದ ಘನ ಮೀಟರಿಗೆ 300 ಕಿಲೋ ಹಿಡಿಯೋಣ. ಒಟ್ಟು 6 ಕಿಲೋ. ಅಲುಗಾಡಿದಾಗ ಅದು ಮಾಡಿನ ಕೆಳಗಿನ ಒಂದೂವರೆ ಮೀಟರಿನಲ್ಲಿ, ಅಂದರೆ 60 ಘನ ಮೀಟರಿನಲ್ಲಿ ಹರಡಿದರೂ 100 ಗ್ರಾಂ ಆಯಿತು. ಕೆಳಗೆ ನೆಲ ಫಳಫಳ ಹೊಳೆಯುತ್ತಿದ್ದರೂ ಮೇಲೆ ಸ್ಫೋಟಕ್ಕೆ ಸಾಕಾಗುವಷ್ಟು ಇದೆ. ತಪಾಸಣೆಗೆ ಬಂದವರು ನೆಲ ನೋಡಿ ಹೊಗಳಿ ಹೋಗುವುದನ್ನು ಎಲ್ಲ ಮಿಲ್ಲುಗಳೂ ಕಂಡಿವೆ. ಏಣಿ ತರಿಸಿದವರು ಕಮ್ಮಿ.

ಮಿತಿಯ ವಿಷಯಕ್ಕೆ ಬಂದರೆ, ಅಮೆರಿಕದ ಧಾನ್ಯ ನಿಯಮ ಕಟ್ಟಡದೊಳಗಿನ ಎಲಿವೇಟರಿನಿಂದ 35 ಅಡಿಯೊಳಗೆ ಮತ್ತು ಅರೆಯುವ ಯಂತ್ರದ ಕೋಣೆಯಲ್ಲಿ 1/8 ಇಂಚು, ಅಂದರೆ ಸುಮಾರು 3 ಮಿ.ಮೀ. ದಾಟಿದ ಧೂಳನ್ನು ಕೂಡಲೇ ತೆಗೆಯಬೇಕು ಎನ್ನುತ್ತದೆ. ಮೇಲಿನ ಲೆಕ್ಕ ನೋಡಿದವರಿಗೆ ಅದು ತೀರಾ ಸಡಿಲ ಅನಿಸುತ್ತದೆ. ಬೆಂಕಿ ಸುರಕ್ಷತೆಯವರು ಸಾಮಾನ್ಯವಾಗಿ ಹಿಡಿಯುವ 1/32 ಇಂಚನ್ನೇ ಇಟ್ಟುಕೊಳ್ಳಿ: 0.8 ಮಿ.ಮೀ. ಅಳೆಯಲು ಉಪಕರಣ ಬೇಡ, ಜೇಬಿನಲ್ಲಿರುವ ಎಟಿಎಂ ಕಾರ್ಡಿನ ದಪ್ಪ 0.76 ಮಿ.ಮೀ. ಪದರದ ಅಂಚಿಗೆ ಕಾರ್ಡನ್ನು ಮಲಗಿಸಿ, ಧೂಳು ಅದಕ್ಕಿಂತ ಮೇಲೆ ಬಂದರೆ ಇಂದೇ ತೆಗೆಯಬೇಕು. ಅಳೆಯುವುದಕ್ಕೂ ಮುಂಚಿನ ಸೂಚನೆ: ಕೆಳಗಿನ ಪೇಂಟಿನ ಬಣ್ಣ ಕಾಣದಂತಾದರೆ ಗುಡಿಸುವ ಸಮಯ ಬಂತು ಎಂದು ತಿಳಿಯಿರಿ.

ಎಷ್ಟು ದಿನಕ್ಕೊಮ್ಮೆ? ತಟ್ಟೆ ಇಟ್ಟು ತೂಗಿ

"ವಾರಕ್ಕೊಮ್ಮೆ ಕ್ಲೀನಿಂಗ್" ಎಂದು ಬೋರ್ಡಿನಲ್ಲಿ ಬರೆದುಬಿಡುವುದು ಸುಲಭ. ಆ ವಾರ ಎಲ್ಲಿಂದ ಬಂತು ಎಂದರೆ ಯಾರಲ್ಲೂ ಉತ್ತರವಿಲ್ಲ. ಇದನ್ನು ತೂಕದಿಂದ ಕಂಡುಕೊಳ್ಳಬಹುದು.

1. ಅಂಚಿಲ್ಲದ, 30 ಸೆಂ.ಮೀ. × 30 ಸೆಂ.ಮೀ. ಅಳತೆಯ ತಗಡಿನ ತಟ್ಟೆಗಳನ್ನು ಮಾಡಿಸಿ, ಒರಸಿ, ಖಾಲಿ ತೂಕ ಬರೆದಿಡಿ. ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ ಸಾಕು.
2. ಎಲಿವೇಟರ್ ಪಕ್ಕದ ಡಕ್ಟಿನ ಮೇಲೆ ಒಂದು, ಕೇಬಲ್ ಟ್ರೇ ಮೇಲೆ ಒಂದು, ಪ್ಯಾಕಿಂಗ್ ಮೇಲಿನ ತೊಲೆಯ ಮೇಲೆ ಒಂದು ಇಡಿ. ಗಾಳಿಗೆ ಜಾರಿ ಬೀಳದಂತೆ ಕಟ್ಟಿ.
3. ಮಿಲ್ಲು ಎಂದಿನಂತೆ ನಾಲ್ಕು ದಿನ ನಡೆಯಲಿ. ಈ ನಾಲ್ಕು ದಿನ ಅಲ್ಲಿ ಗುಡಿಸಬೇಡಿ.
4. ಧೂಳು ಕೊಡವದಂತೆ ಇಳಿಸಿ ತೂಗಿ.

ಈ ತಟ್ಟೆಯ ವಿಸ್ತಾರ 0.09 ಚದರ ಮೀಟರ್. ಅದರ ಮೇಲೆ 0.8 ಮಿ.ಮೀ. ಹಿಟ್ಟು ಎಂದರೆ 36 ಗ್ರಾಂ. ಮಿತಿ ಮುಟ್ಟುವವರೆಗೆ ಕಾಯುವುದು ಬೇಡ, ಅರ್ಧವನ್ನು, 18 ಗ್ರಾಮನ್ನು, ಗುಡಿಸುವ ಗುರುತಾಗಿ ಇಟ್ಟುಕೊಳ್ಳಿ. ಉದಾಹರಣೆಗೆ ನಾಲ್ಕು ದಿನದಲ್ಲಿ ಡಕ್ಟಿನ ತಟ್ಟೆಗೆ 12 ಗ್ರಾಂ, ಕೇಬಲ್ ಟ್ರೇ ತಟ್ಟೆಗೆ 4 ಗ್ರಾಂ, ಪ್ಯಾಕಿಂಗ್ ತಟ್ಟೆಗೆ 28 ಗ್ರಾಂ ಬಂತು ಎನ್ನಿ. ದಿನಕ್ಕೆ 3, 1 ಮತ್ತು 7 ಗ್ರಾಂ. ಆಗ ಡಕ್ಟನ್ನು ಆರು ದಿನಕ್ಕೊಮ್ಮೆ, ಕೇಬಲ್ ಟ್ರೇಯನ್ನು ಹದಿನೆಂಟು ದಿನಕ್ಕೊಮ್ಮೆ, ಪ್ಯಾಕಿಂಗ್ ತೊಲೆಯನ್ನು ಎರಡು ದಿನಕ್ಕೊಮ್ಮೆ ತೆಗೆಯಬೇಕು.

ಎರಡು ದಿನಕ್ಕೊಮ್ಮೆ ತೊಲೆ ಹತ್ತುವುದು ನಡೆಯುವ ಮಾತಲ್ಲ. ಅದೇ ಈ ಅಂಕಿಯ ಪ್ರಯೋಜನ: ಅಲ್ಲಿ ತೊಂದರೆ ಗುಡಿಸುವುದರಲ್ಲಿಲ್ಲ, ಸೋರುವುದರಲ್ಲಿದೆ. ಚೀಲ ತುಂಬುವ ಬಾಯಿಯ ಬಟ್ಟೆ ತೋಳು ಹರಿದಿರಬಹುದು, ಅಲ್ಲಿಯ ಧೂಳು ಎಳೆಯುವ ಕೊಳವೆ ಕಟ್ಟಿಕೊಂಡಿರಬಹುದು. ಸೋರಿಕೆಯ ಮೂಲ ಹುಡುಕಲು ಗೋಡೆ ನೋಡಿ. ಜೋಡಣೆಯ ಸಂದಿಯಿಂದ ಬೀಸಣಿಗೆಯ ಹಾಗೆ ಬಿಳಿ ಗುರುತು ಹರಡಿರುತ್ತದೆ, ಆ ಬೀಸಣಿಗೆಯ ಹಿಡಿ ಎಲ್ಲಿದೆಯೋ ಅಲ್ಲೇ ತೂತು. ನೋಡುವ ಬಾಗಿಲಿನ ರಬ್ಬರು, ಹಿಟ್ಟು ಜರಡಿ ಹಿಡಿಯುವ ಸಿಫ್ಟರಿನ ಬಟ್ಟೆ ತೋಳು ಮೊದಲು ಕೈಕೊಡುವ ಜಾಗಗಳು. ಬ್ಯಾಗ್ ಫಿಲ್ಟರಿಗೆ ಒತ್ತಡದ ಮೀಟರ್ ಇದ್ದರೆ, ಎಂದಿನ ಅಂಕಿಯನ್ನು ಪಕ್ಕದ ಗೋಡೆಯಲ್ಲೇ ಬರೆದಿಡಿ. ಅಂಕಿ ತಟ್ಟನೆ ಇಳಿದರೆ ಬ್ಯಾಗ್ ಹರಿದಿದೆ, ಏರುತ್ತಾ ಹೋದರೆ ಕಟ್ಟಿಕೊಂಡಿದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಈ ಎರಡನೆಯದು ಹೆಚ್ಚು, ತೇವಕ್ಕೆ ಹಿಟ್ಟು ಬ್ಯಾಗಿಗೆ ಅಂಟುತ್ತದೆ. ಫಿಲ್ಟರ್ ಎಳೆಯದ ದಿನ ಎಲ್ಲ ಸಂದಿಗಳೂ ಸೋರುತ್ತವೆ.

ಮಳೆಗಾಲದಲ್ಲಿ ಗಾಳಿ ಒದ್ದೆ, ಧೂಳು ಹೊತ್ತುವುದಿಲ್ಲ ಎಂಬ ಮಾತು ಇಲ್ಲಿ ಕೇಳಿಬರುತ್ತದೆ. ಹಿಟ್ಟಿನಲ್ಲಿ ಸಾಮಾನ್ಯವಾಗಿಯೇ 12ರಿಂದ 14 ಶೇಕಡ ತೇವ ಇರುತ್ತದೆ, ಅಷ್ಟು ತೇವದಲ್ಲೂ ಅದು ಹೊತ್ತುತ್ತದೆ. ಒಣಗಿದಷ್ಟೂ ಇನ್ನೂ ಸುಲಭ. 1785ರ ಡಿಸೆಂಬರ್‌ನಲ್ಲಿ ಇಟಲಿಯ ಟ್ಯೂರಿನ್‌ನ ಒಂದು ಬೇಕರಿಯ ಹಿಟ್ಟಿನ ಗೋದಾಮಿನಲ್ಲಿ ಮೇಲಿನಿಂದ ಹಿಟ್ಟು ಒಮ್ಮೆಗೇ ಕುಸಿದು ದೀಪಕ್ಕೆ ತಗುಲಿ ಸ್ಫೋಟಿಸಿದ ಘಟನೆ ಈ ವಿಷಯದ ಬಹಳ ಹಳೆಯ ದಾಖಲೆ. ಆ ಹಿಟ್ಟು ತುಂಬ ಒಣಗಿತ್ತು ಎಂದು ಆಗಲೇ ಬರೆದಿಟ್ಟಿದ್ದಾರೆ. ತಟ್ಟೆಯ ಪರೀಕ್ಷೆಯನ್ನು ಜುಲೈಯಲ್ಲೊಮ್ಮೆ, ಜನವರಿಯಲ್ಲೊಮ್ಮೆ ಮಾಡಿ, ಅಂಕಿ ಒಂದೇ ಇರುವುದಿಲ್ಲ.

ತೆಗೆಯುವ ಕ್ರಮ

ಗುಡಿಸುವ ಕೆಲಸವೇ ಮೋಡ ಎಬ್ಬಿಸಿದರೆ ಇಷ್ಟೆಲ್ಲ ಲೆಕ್ಕ ನೀರುಪಾಲು. ಅತ್ಯಂತ ಸಾಮಾನ್ಯ ತಪ್ಪು ಎಂದರೆ ಕಂಪ್ರೆಸರಿನ ಪೈಪು ಹಿಡಿದು ತೊಲೆಯ ಮೇಲೆ ಊದುವುದು. ಐದು ನಿಮಿಷದಲ್ಲಿ ತೊಲೆ ಸ್ವಚ್ಛ, ಧೂಳು ಮಾತ್ರ ಗಾಳಿಯಲ್ಲಿ, ಆಮೇಲೆ ಬೇರೆ ತೊಲೆಯ ಮೇಲೆ.

ಮೊದಲು ಆ ವಿಭಾಗದ ಯಂತ್ರ ನಿಲ್ಲಿಸಿ, ಸ್ವಿಚ್ಚಿಗೆ ಬೀಗ ಹಾಕಿ ಬೀಗದಕೈ ಕೆಲಸಗಾರರ ಬಳಿಯೇ ಇರಲಿ. ಆಮೇಲೆ ಮೇಲಿನಿಂದ ಕೆಳಕ್ಕೆ ಬನ್ನಿ: ತೊಲೆ, ಡಕ್ಟು, ಕೇಬಲ್ ಟ್ರೇ, ದೀಪದ ಕವಚ, ಮೋಟಾರಿನ ಬೆನ್ನು, ಕೊನೆಗೆ ನೆಲ. ಮೋಟಾರನ್ನು ಮರೆಯಬೇಡಿ. ಅದರ ಮೇಲಿನ ಧೂಳು ಕಂಬಳಿ ಹೊದೆಸಿದ ಹಾಗೆ, ಒಳಗಿನ ಬಿಸಿ ಹೊರಹೋಗದೆ ಪದರ ಒಳಗಿಂದಲೇ ಕರಕಲಾಗುತ್ತಾ ಹೋಗುತ್ತದೆ.

ಎಳೆಯುವ ವ್ಯಾಕ್ಯೂಮ್ ಮನೆಯದ್ದಾಗಬಾರದು. ಮನೆಯ ಯಂತ್ರದಲ್ಲಿ ಧೂಳಿನ ಗಾಳಿ ಕಿಡಿ ಹಾರಿಸುವ ಮೋಟಾರಿನ ಬಳಿಯೇ ಹಾದುಹೋಗಬಹುದು, ಪ್ಲಾಸ್ಟಿಕ್ ಪೈಪಿನಲ್ಲಿ ಹಿಟ್ಟು ಉಜ್ಜಿ ಸ್ಥಿರವಿದ್ಯುತ್ತು ಕೂಡುತ್ತದೆ. ಉರಿಯುವ ಧೂಳಿಗೆಂದೇ ಮಾಡಿದ, ಪೈಪಿನಿಂದ ನೆಲದವರೆಗೆ ಅರ್ತಿಂಗ್ ಇರುವ ಯಂತ್ರ ಬೇಕು. ಮೂತಿಯಿಂದ ಅರ್ತ್ ಪಿನ್ನಿನವರೆಗೆ ಮೀಟರ್ ಹಿಡಿದು ತಿಂಗಳಿಗೊಮ್ಮೆ ನೋಡಿ. ಪೈಪಿನೊಳಗಿನ ತಂತಿ ತುಂಡಾಗಿದ್ದರೆ ಹೊರಗೆ ಕಾಣುವುದಿಲ್ಲ. ಇಂಥ ಯಂತ್ರ ದುಬಾರಿ ಎಂಬ ಮಾತು ನಿಜ, ಆದರೆ ಹುಳ ಹತ್ತಿದ ಹಿಟ್ಟು ವಾಪಸ್ ಬರುವ ನಷ್ಟವನ್ನೂ ಅದೇ ಯಂತ್ರ ತಗ್ಗಿಸುತ್ತದೆ. ತೊಲೆಯ ಮೇಲಿನ ಹಳೆಯ ಹಿಟ್ಟೇ ಹುಳದ ತವರು.

ವ್ಯಾಕ್ಯೂಮ್ ಮುಟ್ಟದ ಕಡೆ ಮೆತ್ತನೆಯ ಬ್ರಷ್, ನಿಧಾನದ ಕೈ. ತೆಂಗಿನ ಕಡ್ಡಿಯ ಹಿಡಿಸೂಡಿ ಅಂಗಳಕ್ಕೆ ಸರಿ, ಮಿಲ್ಲಿನೊಳಗೆ ಅದರ ಒಂದೊಂದು ಬೀಸಿಗೂ ಧೂಳೇಳುತ್ತದೆ. ಊದಲೇಬೇಕಾದ ಸಂದಿ ಉಳಿದರೆ ಅದು ಕೊನೆಯದು: ದಪ್ಪ ಧೂಳನ್ನೆಲ್ಲ ತೆಗೆದಾದ ಮೇಲೆ, ಆ ಕೋಣೆಯ ಎಲ್ಲ ಯಂತ್ರ ನಿಂತಿರುವಾಗ, ಕಿಡಿ ಬರುವ ವಿದ್ಯುತ್ ಸಲಕರಣೆ ಆಫ್ ಆಗಿರುವಾಗ, ಒತ್ತಡ 1 ಬಾರ್ ದಾಟದಂತೆ. ಗುಡಿಸಿದ್ದನ್ನು ಮೂಲೆಯಲ್ಲಿ ತೆರೆದ ಚೀಲದಲ್ಲಿ ಬಿಡದೆ ಮುಚ್ಚಳದ ಡಬ್ಬಿಯಲ್ಲಿ ಅದೇ ಶಿಫ್ಟಿನಲ್ಲಿ ಹೊರಗೆ ಸಾಗಿಸಿ.

ನಮ್ಮಲ್ಲಿ 1948ರ ಕಾರ್ಖಾನೆ ಕಾಯ್ದೆಯ 37ನೆಯ ಸೆಕ್ಷನ್ನು ಇದನ್ನೇ ಕೇಳಿತ್ತು: ಧೂಳು ಹೊರಬರದಂತೆ ಯಂತ್ರ ಮುಚ್ಚಿ, ಕೂತದ್ದನ್ನು ತೆಗೆಯಿರಿ, ಕಿಡಿಯ ಮೂಲ ದೂರವಿಡಿ.

ಎಲಿವೇಟರ್: ಮೊದಲ ಕಿಡಿ ಹುಟ್ಟುವ ಜಾಗ

ಗುಡಿಸುವವರೇ ದಿನವೂ ಎಲಿವೇಟರಿನ ಬುಡಕ್ಕೆ ಹೋಗುವುದರಿಂದ, ಅದರ ಆರೋಗ್ಯ ನೋಡುವ ಕೆಲಸವನ್ನೂ ಅವರಿಗೇ ಕಲಿಸುವುದು ಒಳ್ಳೆಯದು. ಒಳಗೆ ಮೋಡ ಸದಾ ಸಿದ್ಧ, ಬೇಕಾದ್ದು ಬಿಸಿ ಮಾತ್ರ, ಮತ್ತು ಅದು ಬರುವ ಮುಖ್ಯ ದಾರಿ ಮೂರು: ಬೆಲ್ಟ್ ಒಂದು ಬದಿಗೆ ಸರಿದು ತಗಡಿಗೆ ಉಜ್ಜುವುದು, ಬುಡದಲ್ಲಿ ಕಾಳು ಕಟ್ಟಿಕೊಂಡು ಬೆಲ್ಟ್ ನಿಂತು ಮೇಲಿನ ಪುಲ್ಲಿ ಮಾತ್ರ ತಿರುಗುವುದು, ಬೇರಿಂಗ್ ಕಾಯುವುದು.

ಬುಡದ ಬಾಗಿಲು ತೆರೆದಾಗ ಕಪ್ಪು ರಬ್ಬರ್ ಪುಡಿ ಕಂಡರೆ ಬೆಲ್ಟ್ ಉಜ್ಜುತ್ತಿದೆ. ತಗಡಿನ ಒಳಮೈಯಲ್ಲಿ ಒಂದೇ ಬದಿಗೆ ಹೊಳೆಯುವ ಗೀರು ಇದ್ದರೂ ಅದೇ. ಬೇರಿಂಗಿಗೆ ಇನ್‌ಫ್ರಾರೆಡ್ ಗನ್ ಹಿಡಿದು ಪ್ರತಿ ಶಿಫ್ಟಿಗೊಮ್ಮೆ ಅಂಕಿ ಬರೆಯಿರಿ. ಎಷ್ಟು ಡಿಗ್ರಿ ಎಂಬುದಕ್ಕಿಂತ ಅದರದ್ದೇ ಎಂದಿನ ಅಂಕಿಗಿಂತ ಎಷ್ಟು ಹೆಚ್ಚಾಯಿತು ಎಂಬುದು ಮುಖ್ಯ. 15–20 ಡಿಗ್ರಿ ಏರಿದರೆ ನಿಲ್ಲಿಸಿ ನೋಡುವುದೇ ಸರಿ. ಬೆಲ್ಟಿನ ವೇಗ ನೋಡುವ ಸೆನ್ಸರ್ ಇದ್ದರೆ ವೇಗ ಶೇಕಡ 20 ಇಳಿಯುವಷ್ಟರಲ್ಲಿ ಮೋಟಾರ್ ತಾನೇ ನಿಲ್ಲುವಂತೆ ಹೊಂದಿಸಿ. ಆ ಸೆನ್ಸರಿನ ಮುಂದೆಯೇ ಧೂಳು ಮೆತ್ತಿ ಕೆಲಸ ಕೆಡುವುದೂ ಇದೆ. ಪದೇಪದೇ ನಿಲ್ಲಿಸುತ್ತದೆ ಎಂದು ಅದರ ವೈರ್ ಬೈಪಾಸ್ ಮಾಡಿದ್ದರೆ ಸೆನ್ಸರ್ ಇಲ್ಲದಂತೆಯೇ ಲೆಕ್ಕ.

ಕಾಳು ಕಟ್ಟಿಕೊಂಡ ಎಲಿವೇಟರನ್ನು ಸ್ವಿಚ್ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಬಿಡಿಸಲು ನೋಡುವುದು ಎಲ್ಲೆಡೆ ಇರುವ ಅಭ್ಯಾಸ. ಪ್ರತಿ ಒತ್ತಿಗೂ ನಿಂತ ಬೆಲ್ಟಿನ ಮೇಲೆ ಪುಲ್ಲಿ ಉಜ್ಜಿ ರಬ್ಬರ್ ಕಾಯುತ್ತದೆ. ಬೀಗ ಹಾಕಿ, ಬುಡದ ಬಾಗಿಲು ತೆರೆದು, ಕೈಯಲ್ಲೇ ಖಾಲಿ ಮಾಡಿ. ಮಳೆಗಾಲದಲ್ಲಿ ಲಾರಿಯ ಟಾರ್ಪಾಲಿನ ಸಂದಿಯಿಂದ ನೆನೆದ ಗೋಧಿ ಉಂಡೆಗಟ್ಟಿ ಬಂದಾಗ ಇದು ಹೆಚ್ಚು, ಸುರಿಯುವ ಹಾಪರಿಗೆ ಕಂಬಿ ಜಾಲರಿ ಇದ್ದರೆ ಉಂಡೆಯೂ ಬೋಲ್ಟು–ನಟ್ಟಿನಂಥ ಕಬ್ಬಿಣವೂ ಅಲ್ಲೇ ನಿಲ್ಲುತ್ತವೆ. ಅದರ ಹಿಂದೆ ಒಂದು ಅಯಸ್ಕಾಂತ ಇರಲಿ, ಅದನ್ನು ಒರಸುವವರ ಹೆಸರು ಶಿಫ್ಟ್ ಪುಸ್ತಕದಲ್ಲಿರಲಿ.

ವೆಲ್ಡಿಂಗ್ ಬೇಕಾದ ದಿನ ಆ ವಿಭಾಗ ಪೂರ್ತಿ ನಿಲ್ಲಬೇಕು. ಸುತ್ತ 11 ಮೀಟರ್ ಧೂಳು ತೆಗೆದು, ನೆಲದ ತೂತು, ಡಕ್ಟಿನ ಬಾಯಿ ಮುಚ್ಚಿ, ಕೆಲಸ ಮುಗಿದ ಮೇಲೆ ಒಂದು ಗಂಟೆ ಒಬ್ಬರು ಅಲ್ಲೇ ಕಾಯಬೇಕು. ಕಿಡಿ ಬಿದ್ದ ಧೂಳಿನ ಪದರ ಹೊಗೆಯೂ ಕಾಣದಂತೆ ಒಳಗೇ ಕನಲುತ್ತಿರುತ್ತದೆ, ಮಿಲ್ಲು ಮತ್ತೆ ಶುರುವಾದಾಗ ಅದು ಎದ್ದು ಮೋಡಕ್ಕೆ ಸೇರುತ್ತದೆ.

ಸುಟ್ಟ ವಾಸನೆ ಬಂದಾಗ

ಎಲಿವೇಟರಿನಿಂದಲೋ ಸೈಲೋದಿಂದಲೋ ಸುಟ್ಟ ವಾಸನೆ, ಹೊಗೆ ಬಂದರೆ ಮೊದಲ ಅನಿಸಿಕೆ ಬಾಗಿಲು ತೆರೆದು ನೋಡುವುದು. ಅದನ್ನೇ ಮಾಡಬಾರದು. ತೆರೆದೊಡನೆ ಗಾಳಿ ಒಳಗೆ ಹೋಗುತ್ತದೆ, ಧೂಳೂ ಎದ್ದು ಕನಲುತ್ತಿದ್ದುದು ಜ್ವಾಲೆಯಾಗುತ್ತದೆ. ಸೈಲೋವನ್ನು ಖಾಲಿ ಮಾಡಿಬಿಡೋಣ ಎಂದು ಕೆಳಗಿನ ಗೇಟು ತೆರೆದರೆ ಕೆಂಡವೇ ಎಲಿವೇಟರಿನ ಮೋಡದೊಳಗೆ ಪ್ರಯಾಣ ಹೊರಡುತ್ತದೆ. ಕಾಳು ಸುರಿಯುವುದು, ಎತ್ತುವುದು, ಧೂಳು ಎಳೆಯುವ ಫ್ಯಾನು ಎಲ್ಲ ನಿಲ್ಲಿಸಿ, ಜನರನ್ನು ಕಟ್ಟಡದಿಂದ ಹೊರಗೆ ಕಳಿಸಿ, 101 ಅಥವಾ 112ಕ್ಕೆ ಫೋನ್ ಮಾಡಿ. ಅಗ್ನಿಶಾಮಕದವರಿಗೆ ಮೊದಲ ವಾಕ್ಯದಲ್ಲೇ ಹೇಳಬೇಕಾದದ್ದು: ಒಳಗಿರುವುದು ಹಿಟ್ಟು ಅಥವಾ ಗೋಧಿ, ಬಾಗಿಲು ಮುಚ್ಚಿಯೇ ಇದೆ.

ಹೊರಗೆ ಬಿದ್ದ ಸಣ್ಣ ಬೆಂಕಿಗೂ ಜೋರಾದ ನೀರಿನ ಧಾರೆ ಬೇಡ, ಪುಡಿಯ ಸಿಲಿಂಡರನ್ನು ಹತ್ತಿರದಿಂದ ಹಾರಿಸುವುದೂ ಬೇಡ, ಎರಡೂ ಹಿಟ್ಟನ್ನು ಎಬ್ಬಿಸುತ್ತವೆ. ವಿದ್ಯುತ್ ಆಫ್ ಮಾಡಿ, ತುಂತುರು ನೀರನ್ನು ದೂರದಿಂದ ಮಳೆಯ ಹಾಗೆ ಬೀಳಿಸಿ. ಕಾಳು ತುಂಬಿದ ಸೈಲೋಗೆ ಮೇಲಿನಿಂದ ನೀರು ತುಂಬಿಸಿದರೆ ಕಾಳು ಉಬ್ಬಿ ಗೋಡೆ ಬಿರಿಯಬಹುದು. ಬೆಂಕಿ ಆರಿತು ಅನಿಸಿದ ಮೇಲೂ ಒಳಗೆ ಇಳಿಯಬೇಡಿ. ಕನಲಿದ ಧಾನ್ಯ ಬಿಟ್ಟ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮೀಟರ್ ಇಳಿಸಿ ನೋಡದೆ ಯಾರನ್ನೂ ಇಳಿಸುವಂತಿಲ್ಲ.